ಮುನ್ನೂರು ಪದ ನೂರೈವತ್ತಾದಾಗ: ಸಾರಾಂಶ ಇಳಿಸಿದ ನನ್ನ ಅನುಭವ

"ನೂರೈವತ್ತು ಪದ ಅಳಿಸುವುದಕ್ಕೆ ಒಂಬೈನೂರು ರೂಪಾಯಿಯೇ? ಗುಂಡಿ ಒತ್ತಿದರೆ ಪುಕ್ಕಟೆಯಾಗಿ ಅಳಿಯುತ್ತದಲ್ಲ!" ಸರಸ್ವತಿಪುರಂನಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯ ಹೀಗೆಂದು ನಕ್ಕಿದ್ದ. ಈಗ ಅವನೇ ವಾರಕ್ಕೊಬ್ಬರನ್ನು ನನ್ನ ಬಳಿಗೆ ಕಳುಹಿಸುತ್ತಾನೆ. ಮೈಸೂರಿನಲ್ಲಿ ಪ್ರಬಂಧ ತಿದ್ದುವ ಕೆಲಸಕ್ಕೆ ಕುಳಿತು ಹನ್ನೊಂದೋ ಹನ್ನೆರಡೋ ವರ್ಷವಾಯಿತು. ಅದರಲ್ಲಿ ಮೊದಲ ಐದಾರು ವರ್ಷ, ಸಂಶೋಧನಾ ಪ್ರಬಂಧದ ಮುನ್ನೂರು ಪದದ ಸಾರಾಂಶವನ್ನು ನೂರೈವತ್ತಕ್ಕೆ ಇಳಿಸುವ ಕೆಲಸದಲ್ಲಿ ನಾನು ಕಳೆದುಕೊಂಡದ್ದೇ ಹೆಚ್ಚು.

ಮೊದಲು ನಾನೂ ಎಲ್ಲರಂತೆ ಪ್ರತಿ ವಾಕ್ಯವನ್ನೂ ಅರ್ಧ ಮಾಡುತ್ತಿದ್ದೆ. ಇಪ್ಪತ್ತು ಪದದ್ದು ಹತ್ತಾದರೆ ಮುನ್ನೂರು ತಾನಾಗಿ ನೂರೈವತ್ತಾಗುತ್ತದೆ ಎಂಬ ಲೆಕ್ಕ. ಆಗ ದರ ನಾನೂರು ರೂಪಾಯಿ. ಕೈಗೆ ಬರುತ್ತಿದ್ದದ್ದು ಹಳೆಯ ಕಾಲದ ತಂತಿ ಸಂದೇಶದಂಥ ಬರಹ. ಎಲ್ಲವೂ ಇದೆ, ಯಾವುದೂ ಪೂರ್ತಿ ಇಲ್ಲ. ಇಳುವರಿ ಹೆಚ್ಚಿತು ಎಂದಿರುತ್ತದೆ, ಯಾವುದಕ್ಕಿಂತ ಎಂದಿರುವುದಿಲ್ಲ. ಒಂದೇ ತಿಂಗಳಲ್ಲಿ ನಾಲ್ಕು ಸಾರಾಂಶ ವಾಪಸ್ ಬಂದು, ನಾಲ್ಕನ್ನೂ ಪುಕ್ಕಟೆಯಾಗಿ ತಿದ್ದಿಕೊಡಬೇಕಾಯಿತು.

ಆಮೇಲೆ ವಿಧಾನದ ಭಾಗವನ್ನೇ ಕಿತ್ತು ಹಾಕುವ ಪ್ರಯೋಗ ಮಾಡಿದೆ. ಓದುವವರಿಗೆ ಬೇಕಾದದ್ದು ಫಲಿತಾಂಶ, ವಿಧಾನ ಒಳಗೆ ಸಿಗುತ್ತದೆ ಎಂದುಕೊಂಡೆ. ಒಬ್ಬ ಹುಡುಗನ ಗೊಬ್ಬರದ ಅಧ್ಯಯನ ಕುಂಡದಲ್ಲಿ ನಡೆದದ್ದು. ನಾನು ಇಳಿಸಿದ ಸಾರಾಂಶ ಓದಿದವರೆಲ್ಲ ಅದು ಗದ್ದೆಯಲ್ಲಿ ನಡೆದದ್ದೆಂದು ತಿಳಿದರು. ಸಮ್ಮೇಳನದ ವೇದಿಕೆಯಲ್ಲಿ ಆ ಹುಡುಗನಿಗೆ ಬಿದ್ದ ಪ್ರಶ್ನೆಗಳನ್ನು ಅವನು ನನಗೆ ಫೋನಿನಲ್ಲಿ ಒಪ್ಪಿಸಿದ. ಬಾಕಿ ಹಣ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಪದದ ಎಣಿಕೆಗೇ ಕಣ್ಣುಕಟ್ಟು ಮಾಡುವ ಚಟವೂ ಕೆಲಕಾಲ ಇತ್ತು. ನಿಮಗೆ ಗೊತ್ತೇ ಇದೆ, `p < 0.05` ಎಂದು ಬಿಡಿಸಿ ಬರೆದರೆ ವರ್ಡ್ ತಂತ್ರಾಂಶ ಮೂರು ಪದ ಎಣಿಸುತ್ತದೆ, `p<0.05` ಎಂದು ಅಂಟಿಸಿದರೆ ಒಂದೇ. ಹೀಗೆ ಅಂಟಿಸಿ ಅಂಟಿಸಿ ಹತ್ತು ಪದ ಉಳಿಸಿದ ದಿನಗಳಿವೆ. ಸಲ್ಲಿಕೆಯ ಪುಟ ಬೇರೆ ರೀತಿ ಎಣಿಸಿ 158 ಎಂದು ತೋರಿಸಿದಾಗ, ಕೊನೆಯ ಗಂಟೆಯಲ್ಲಿ ಗಾಬರಿಯಿಂದ ಕತ್ತರಿಸಿದ್ದರಲ್ಲಿ ಮಾದರಿಯ ಸಂಖ್ಯೆಯೇ ಹಾರಿಹೋಯಿತು. ಸಂಕ್ಷಿಪ್ತ ರೂಪಗಳದ್ದೂ ಇದೇ ಕಥೆ. ಮೂರು ಪದದ ಹೆಸರನ್ನು ಬಿಡಿಸಿ ಬರೆದು ಪಕ್ಕದಲ್ಲಿ ಸಂಕ್ಷೇಪ ಕೊಟ್ಟರೆ ಅಲ್ಲೇ ನಾಲ್ಕು ಪದ ಖರ್ಚು. ಅದು ಇನ್ನೊಮ್ಮೆ ಬಂದರೆ ಉಳಿತಾಯ ಒಂದೇ ಪದ, ಬಾರದಿದ್ದರೆ ನಷ್ಟ.

ಈಗ ನಾನು ಮಾಡುವುದು ತಿರುಗುಮುರುಗು. ಮೊದಲು ತೀರ್ಮಾನವನ್ನು ಒಂದೇ ವಾಕ್ಯದಲ್ಲಿ ಬರೆದು ಮೇಜಿನ ಮೇಲೆ ಇಡುತ್ತೇನೆ. ಆಮೇಲೆ ಮೂಲದ ಪ್ರತಿ ವಿವರವನ್ನೂ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಹೋದರೆ ತೀರ್ಮಾನ ಬಡವಾಗುತ್ತದೆಯೋ, ಸುಳ್ಳಾಗುತ್ತದೆಯೋ? ಬಡವಾಗುವುದಾದರೆ ಹೋಗಲಿ. ತೀರ್ಮಾನ ತನ್ನ ಅಳತೆ ಮೀರಿ ಹಿಗ್ಗಿ, ನಡೆಯದ ಕಡೆಯೂ ನಡೆಯುತ್ತದೆಂದು ಹೇಳತೊಡಗುವುದಾದರೆ ಆ ವಿವರ ಉಳಿಯಲೇಬೇಕು. ತೀರ್ಮಾನಕ್ಕೆ ಮೂಗುದಾರ ಹಾಕುವ ವಿವರಗಳು ಉಳಿಯುತ್ತವೆ, ಅದಕ್ಕೆ ಹಾರ ಹಾಕುವ ವಿವರಗಳು ಹೋಗುತ್ತವೆ.

ಕಳೆದ ವರ್ಷ ಬಂದ ಒಂದು ಕೆಲಸವನ್ನೇ ಹೇಳುತ್ತೇನೆ. ಗುಟ್ಟು ಕಾಯಬೇಕಾದ್ದರಿಂದ ಅಂಕಿಗಳನ್ನು ಸ್ವಲ್ಪ ಅತ್ತಿತ್ತ ಮಾಡಿದ್ದೇನೆ. ಮಂಡ್ಯ ಕಡೆಯ ಪಿಎಚ್.ಡಿ. ವಿದ್ಯಾರ್ಥಿನಿ, ಭತ್ತದ ಗದ್ದೆಗೆ ನೀರನ್ನು ಬಿಟ್ಟು ಬಿಟ್ಟು ಹಾಯಿಸುವ ಪ್ರಯೋಗ. ಸದಾ ನೀರು ನಿಲ್ಲಿಸುವ ಬದಲು, ತೂತು ಕೊರೆದ ಕೊಳವೆಯೊಂದನ್ನು ಗದ್ದೆಯಲ್ಲಿ ಹೂತು, ಅದರೊಳಗಿನ ನೀರಿನ ಮಟ್ಟ ಮಣ್ಣಿನ ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಬಿಡುವುದು. ಹೂ ಬಿಡುವ ಮುಂಚಿನ ಒಂದು ವಾರದಿಂದ ಅದರ ನಂತರದ ಒಂದು ವಾರದವರೆಗೆ ಮಾತ್ರ ನೀರು ನಿಂತೇ ಇರಬೇಕು. ಹೋಲಿಕೆಗೆ ಸದಾ ನೀರು ನಿಂತ ತಾಕು ಒಂದು, 25 ಸೆಂಟಿಮೀಟರ್‌ವರೆಗೆ ಒಣಗಲು ಬಿಟ್ಟ ತಾಕು ಇನ್ನೊಂದು. ಎರಡು ಮುಂಗಾರು, ನಾಲ್ಕು ಪುನರಾವರ್ತನೆ.

ಅವರ ಮುನ್ನೂರು ಪದಗಳಲ್ಲಿ ಎಂಬತ್ತು ಪೀಠಿಕೆಗೇ ಹೋಗಿದ್ದವು: ಭತ್ತ ಎಷ್ಟು ನೀರು ಕುಡಿಯುತ್ತದೆ, ಕಾವೇರಿ ಕೊಳ್ಳದಲ್ಲಿ ನೀರಿನ ಅಭಾವ, ಹವಾಮಾನ ಬದಲಾವಣೆ. ವಿಧಾನಕ್ಕೆ ತೊಂಬತ್ತೈದು, ಫಲಿತಾಂಶಕ್ಕೆ ಎಂಬತ್ತೈದು, ತೀರ್ಮಾನಕ್ಕೆ ನಲವತ್ತು. ನಾನು ಕೊಟ್ಟ ಹಂಚಿಕೆ ಹೆಚ್ಚುಕಡಿಮೆ 15, 50, 60, 25. ಪೀಠಿಕೆ ಐದನೇ ಒಂದು ಪಾಲಿಗೂ ಕಡಿಮೆಯಾಯಿತು, ಫಲಿತಾಂಶ ಮೂರನೇ ಒಂದು ಭಾಗವನ್ನೂ ಕಳೆದುಕೊಳ್ಳಲಿಲ್ಲ. ಅರ್ಧ ಮಾಡುವುದೆಂದರೆ ಎಲ್ಲವನ್ನೂ ಅರ್ಧ ಮಾಡುವುದಲ್ಲ ಎಂದು ಒಪ್ಪಿಸಲು ಅವರ ಮಾರ್ಗದರ್ಶಕರ ಜೊತೆ ಮುಕ್ಕಾಲು ಗಂಟೆ ಫೋನಿನಲ್ಲಿ ಮಾತನಾಡಬೇಕಾಯಿತು. ಪೀಠಿಕೆ ಇಲ್ಲದ ಸಾರಾಂಶ ಚಪ್ಪರವಿಲ್ಲದ ಮದುವೆ ಎಂಬುದು ಅವರ ವಾದ.

ಅಂಕಿಅಂಶದ ತಂತ್ರಾಂಶದ ಹೆಸರು ಹೋಯಿತು. ನೀರನ್ನು ಅಳೆದ ಉಪಕರಣದ ಹೆಸರು ಹೋಯಿತು. ಅಳೆದದ್ದು ಮುಖ್ಯ, ಯಾವುದರಿಂದ ಎಂಬುದು ಪ್ರಬಂಧದೊಳಗಿದೆ. ಪೈರಿನ ಎತ್ತರ, ತೆಂಡೆಗಳ ಸಂಖ್ಯೆ, ತೆನೆಯ ಉದ್ದ, ಸಾವಿರ ಕಾಳಿನ ತೂಕ ಎಲ್ಲವೂ ಹೋದವು. ಇವು ಇಳುವರಿಯ ಹಿಂದೆ ನಡೆಯುವ ಮೆರವಣಿಗೆ, ಇಳುವರಿಯೇ ಇರುವಾಗ ಅವಕ್ಕೆ ಜಾಗವಿಲ್ಲ. ವಿದ್ಯಾರ್ಥಿನಿಗೆ ಇಲ್ಲಿ ನಿಜವಾಗಿ ನೋವಾಯಿತು. "ಸರ್, ತೆಂಡೆ ಎಣಿಸಲು ಎರಡು ವರ್ಷ ಕೆಸರಿನಲ್ಲಿ ನಿಂತಿದ್ದೇನೆ" ಎಂದರು. ಕೆಸರಿನಲ್ಲಿ ನಿಂತದ್ದಕ್ಕೆ ಕೋಷ್ಟಕ ಇದೆಯಲ್ಲಮ್ಮಾ ಎಂದೆ. ಹೆಚ್ಚಿನ ಸಂಶೋಧನೆ ಅಗತ್ಯ ಎಂಬ ವಾಕ್ಯ ಯಾರನ್ನೂ ಕೇಳದೆ ಹೋಯಿತು.

ಜಗಳವಾದದ್ದು ಎರಡು ಕಡೆ. ಮೊದಲನೆಯದು ನಮ್ಮ ಕೃಷಿ ಪ್ರಬಂಧಗಳ ಮುದ್ದಿನ ನುಡಿ, 'ಆನ್ ಪಾರ್'. 15 ಸೆಂಟಿಮೀಟರ್ ತಾಕಿನ ಇಳುವರಿ ಸದಾ ನೀರು ನಿಂತ ತಾಕಿಗೆ ಸಮ ಎಂದು ಅವರು ಬರೆದಿದ್ದರು. ಎರಡೇ ಪದ, ಅಗ್ಗ. ಆದರೆ ಕೋಷ್ಟಕದಲ್ಲಿದ್ದದ್ದು ಹೆಕ್ಟೇರಿಗೆ 5.8 ಟನ್ ಎದುರಿಗೆ 5.6 ಟನ್, ಸಿ.ಡಿ., ಅಂದರೆ ವ್ಯತ್ಯಾಸ ಸಾಬೀತಾಯಿತು ಎನ್ನಲು ಬೇಕಾದ ಕನಿಷ್ಠ ಅಂತರ, 0.4. ವ್ಯತ್ಯಾಸ ಸಾಬೀತಾಗಿಲ್ಲ ಎಂಬುದು ಬೇರೆ, ಎರಡೂ ಸಮ ಎಂಬುದು ಬೇರೆ. ಎರಡು ಕ್ವಿಂಟಲ್ ಕಡಿಮೆ ನಿಜವಾಗಿಯೂ ಇರಬಹುದು, ಈ ಪ್ರಯೋಗಕ್ಕೆ ಅದನ್ನು ಹಿಡಿಯುವ ಶಕ್ತಿ ಇರಲಿಲ್ಲ, ಅಷ್ಟೇ. ಹಾಗಾಗಿ ಮೂರೂ ಅಂಕಿಗಳನ್ನು ಉಳಿಸಿ, ಸಮ ಎಂಬುದನ್ನು ತೆಗೆದೆ. ಎಂಟು ಪದ ಹೆಚ್ಚಾಯಿತು. ಅದನ್ನು ಪೀಠಿಕೆಯಿಂದ ವಸೂಲಿ ಮಾಡಿದೆ.

ಎರಡನೆಯದನ್ನು ಹಿಡಿದದ್ದು ನಾನಲ್ಲ, ನನ್ನ ಭಾವ. ಮದ್ದೂರಿನ ಕಡೆ ನಾಲೆಯ ಕೊನೆಭಾಗದಲ್ಲಿ ಅವರ ಜಮೀನಿದೆ. ಇಳಿಸಿದ ಸಾರಾಂಶವನ್ನು ಕನ್ನಡದಲ್ಲಿ ಒಬ್ಬರಿಗೆ ಓದಿ ಹೇಳಿ, "ನಾಳೆ ನೀವು ಏನು ಮಾಡುತ್ತೀರಿ?" ಎಂದು ಕೇಳುವುದು ನನ್ನ ಪದ್ಧತಿ. ಉತ್ತರ ತಪ್ಪಾಗಿ ಬಂದರೆ ಮೂಗುದಾರವೊಂದು ಕಳಚಿದೆ ಎಂದರ್ಥ. ಭಾವ ಕೇಳಿಸಿಕೊಂಡು, "ಹಾಗಾದರೆ ನಮ್ಮ ಗದ್ದೆಗೂ ಇದೇ ನಡೆಯುತ್ತದೆ ಬಿಡು. ಆದರೆ ಅವರ ಗದ್ದೆ ಎಲ್ಲಿಯದು? ನಾಲೆಯ ಪಕ್ಕದ್ದಾದರೆ ಅಡಿಯಲ್ಲಿ ಯಾವಾಗಲೂ ತೇವ ಇರುತ್ತದೆ" ಎಂದರು. ಮೂಲವನ್ನು ತೆರೆದು ನೋಡಿದೆ. ವಿಧಾನದ ನಡುವೆ, ಮಣ್ಣಿನ ರಸಸಾರದ ಪಕ್ಕದಲ್ಲಿ, ಅಂತರ್ಜಲ ಸುಮಾರು 60 ಸೆಂಟಿಮೀಟರ್ ಆಳದಲ್ಲಿತ್ತು ಎಂಬ ತುಣುಕು ಇತ್ತು. ರಸಸಾರದ ಜೊತೆಗೆ ಅದನ್ನೂ ನಾನು ಗುಡಿಸಿ ಹಾಕಿದ್ದೆ. ಅಂತರ್ಜಲ ಮೇಲೆಯೇ ಇರುವ ಕಡೆ ಬೇರಿಗೆ ಕೆಳಗಿನಿಂದ ನೀರು ಸಿಗುತ್ತದೆ, 15 ಸೆಂಟಿಮೀಟರ್ ಇಳಿದರೂ ಪೈರು ಬಳಲುವುದಿಲ್ಲ. ಅಂತರ್ಜಲ ಆಳದಲ್ಲಿರುವ ಮರಳು ಭೂಮಿಯಲ್ಲಿ ಅದೇ ಮಾತು ಹೇಳಲಾಗದು. ಇಡೀ ತೀರ್ಮಾನ ನಿಂತಿದ್ದದ್ದೇ ಆ ತುಣುಕಿನ ಮೇಲೆ. ರಸಸಾರ ಮರಳಿ ಬರಲಿಲ್ಲ, ಅಂತರ್ಜಲ ಬಂತು.

ಕೊನೆಗೆ ಇಂಗ್ಲಿಷ್‌ನಲ್ಲಿ ಉಳಿದದ್ದರ ತಿರುಳು ಕನ್ನಡದಲ್ಲಿ ಹೀಗೆ: ನೀರನ್ನು ಬಿಟ್ಟು ಬಿಟ್ಟು ಹಾಯಿಸಿದರೆ ಭತ್ತದ ಇಳುವರಿ ಉಳಿಯುವುದೇ ಎಂದು, ಅಂತರ್ಜಲ 60 ಸೆಂಟಿಮೀಟರ್ ಆಳದಲ್ಲಿದ್ದ ಕೆಂಪು ಮರಳುಮಿಶ್ರಿತ ಗೋಡು ಮಣ್ಣಿನಲ್ಲಿ, ನಾಲ್ಕು ಪುನರಾವರ್ತನೆಗಳಲ್ಲಿ ಪರೀಕ್ಷಿಸಲಾಯಿತು. ಹೂ ಬಿಡುವ ಹಂತದ ಹಿಂದೆ ಮುಂದೆ ಒಂದು ವಾರ ಎಲ್ಲ ತಾಕುಗಳಲ್ಲೂ ನೀರು ನಿಂತಿತ್ತು. ಇಳುವರಿ ಸದಾ ನೀರಿನಲ್ಲಿ 5.8, 15 ಸೆಂಟಿಮೀಟರ್‌ನಲ್ಲಿ 5.6, 25 ಸೆಂಟಿಮೀಟರ್‌ನಲ್ಲಿ 4.9 ಟನ್, ಸಿ.ಡಿ. 0.4. 15 ಸೆಂಟಿಮೀಟರ್‌ನಲ್ಲಿ ನೀರು ಶೇಕಡಾ 26 ಕಡಿಮೆ ಸಾಕಾಯಿತು, ಆದರೆ ಕಳೆ ಒಂದು ಬಾರಿ ಹೆಚ್ಚು ತೆಗೆಯಬೇಕಾಯಿತು.

ಆ ಕಳೆಯ ಮಾತನ್ನು ಬಿಡಿಸಲು ಮಾರ್ಗದರ್ಶಕರು ಬಹಳ ಪ್ರಯತ್ನಪಟ್ಟರು. ಕೆಟ್ಟದ್ದನ್ನು ಸಾರಾಂಶದಲ್ಲಿ ಏಕೆ ಹೇಳಬೇಕು ಎಂದರು. ಕೂಲಿಯ ಖರ್ಚು ನೀರಿನ ಉಳಿತಾಯವನ್ನು ತಿಂದುಹಾಕಬಹುದಾದ ಜಿಲ್ಲೆಯಲ್ಲಿ ಕುಳಿತು ಇದನ್ನು ಕೇಳುತ್ತಿದ್ದೀರಲ್ಲ ಎಂದೆ. ವೈದ್ಯಕೀಯ ಪ್ರಯೋಗಗಳ ಸಾರಾಂಶದಲ್ಲಿ ಏನೇನಿರಬೇಕು ಎಂದು ಹೇಳಲು 2008ರಲ್ಲಿ ಬಂದ ಕನ್ಸಾರ್ಟ್ ಪಟ್ಟಿಯಲ್ಲೂ ದುಷ್ಪರಿಣಾಮಕ್ಕೆ ಪ್ರತ್ಯೇಕ ಜಾಗವಿದೆ ಎಂದು ತೋರಿಸಿದ ಮೇಲೆ ಸುಮ್ಮನಾದರು.

ಆ 26ರದ್ದೂ ಒಂದು ಕಥೆ. ಮೂಲ ಸಾರಾಂಶದಲ್ಲಿ 29 ಎಂದಿತ್ತು, ಕೋಷ್ಟಕದಲ್ಲಿ 26. ಹಳೆಯ ಕರಡಿನಿಂದ ಹಾಗೆಯೇ ಉಳಿದುಬಿಟ್ಟಿತ್ತು. ಇದು ಅಪರೂಪವೇನಲ್ಲ. 1999ರಲ್ಲಿ ಆರು ದೊಡ್ಡ ವೈದ್ಯಕೀಯ ನಿಯತಕಾಲಿಕೆಗಳನ್ನು ಪರಿಶೀಲಿಸಿದವರಿಗೆ, ಸಾರಾಂಶದ ಅಂಕಿ ಒಳಗಿನದಕ್ಕೆ ಹೊಂದದ ಅಥವಾ ಒಳಗೆ ಇಲ್ಲವೇ ಇಲ್ಲದ ಪ್ರಕರಣಗಳು ನಿಯತಕಾಲಿಕೆಯಿಂದ ನಿಯತಕಾಲಿಕೆಗೆ ಶೇಕಡಾ 18ರಿಂದ 68ರವರೆಗೆ ಸಿಕ್ಕಿದ್ದವು. ಹಾಗಾಗಿ ಕೊನೆಯ ಅರ್ಧ ಗಂಟೆ ನಾನು ಪದ ಮುಟ್ಟುವುದಿಲ್ಲ. ಕೆಂಪು ಪೆನ್ನು ಹಿಡಿದು ಪ್ರತಿ ಅಂಕಿಗೂ ಅದರ ಕೋಷ್ಟಕದ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯುತ್ತೇನೆ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ಒಯ್ದರೆ ಹೇಗೆ ಎಂದು. ನಮ್ಮ ವಿಭಕ್ತಿ ಪ್ರತ್ಯಯಗಳು ನಾಮಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ನೂರೈವತ್ತು ಪದ ಇಲ್ಲಿ ನೂರರ ಆಸುಪಾಸಿಗೆ ಬರುತ್ತದೆ, ಎಣಿಕೆಗೆ ಇದರಿಂದ ಪ್ರಯೋಜನವಿಲ್ಲ. ಆದರೆ ಇಂಗ್ಲಿಷಿನಲ್ಲಿ ಘನವಾಗಿ ಕಾಣುತ್ತಿದ್ದ ಎಷ್ಟೋ ವಾಕ್ಯಗಳು ಕನ್ನಡಕ್ಕೆ ಬಂದಾಗ ಏನನ್ನೂ ಹೇಳುತ್ತಿರಲಿಲ್ಲ ಎಂಬುದು ಬಯಲಾಯಿತು. ಅಂಥವನ್ನು ಈಗ ಮೊದಲ ಸುತ್ತಿನಲ್ಲೇ ಬಿಡುತ್ತೇನೆ. ಯಾವ ಕ್ರಿಯಾಪದ ಹಾಕಿದರೆ ಎರಡು ವಾಕ್ಯ ಒಂದಾಗುತ್ತವೆ ಎಂಬ ನನ್ನ ಪಟ್ಟಿಯೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂಬೈನೂರು ರೂಪಾಯಿ ಇರುವುದೇ ಅದಕ್ಕೆ.

ಕೊನೆಯ ಎಣಿಕೆ 147ಕ್ಕೆ ನಿಂತಿತು. ಮೂರು ಪದ ಬಾಕಿ ಇದೆ ಎಂದು ತಿಳಿದ ಕೂಡಲೇ ಮಾರ್ಗದರ್ಶಕರು, ಇದೇ ಮೊದಲ ಬಾರಿಗೆ ಎಂಬುದನ್ನು ಸೇರಿಸಿ ಎಂದರು. ಕೋಷ್ಟಕ ನೋಡಿದೆ. 15 ಸೆಂಟಿಮೀಟರ್ ಮತ್ತು 25 ಸೆಂಟಿಮೀಟರ್‌ನ ಅಂತರ ಮೊದಲ ವರ್ಷವೂ ಕಂಡಿತ್ತು, ಮಳೆ ಕೈಕೊಟ್ಟ ಎರಡನೇ ವರ್ಷವೂ ಕಂಡಿತ್ತು. `in both seasons` ಎಂದು ಸೇರಿಸಿ ಕಳುಹಿಸಿದೆ.