ಐದು ಕೀ ಸತ್ತಿದ್ದ ಯಮಹಾ ನನ್ನದಾಗಿದ್ದು

ಹೊಸ ಕೀಬೋರ್ಡ್‌ಗೆ ದುಡ್ಡು ಕೂಡಿಸುವ ಆಸೆಯನ್ನು ನಾನು ಒಂಬತ್ತನೇ ಕ್ಲಾಸಿನಲ್ಲೇ ಬಿಟ್ಟೆ. ನನ್ನ ಹತ್ತಿರ ಇದ್ದದ್ದು 32 ಪುಟ್ಟ ಕೀಗಳ ಕ್ಯಾಸಿಯೋ. ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ಸದ್ದು. ಬೇಕಿದ್ದದ್ದು 61 ದೊಡ್ಡ ಕೀ, ಜೊತೆಗೆ ಟಚ್, ಅಂದರೆ ಒತ್ತಿದ ಜೋರಿಗೆ ತಕ್ಕ ಸದ್ದು. ಅಂಥ ಯಮಹಾ ಹೊಸದಕ್ಕೆ 12,000ದ ಮೇಲೆ. ನನಗೆ ಸಿಗುತ್ತಿದ್ದದ್ದು ದಿನಕ್ಕೆ 20 ರೂಪಾಯಿ, ಅದೂ ಬಸ್ಸಿಗೆ.

ಸೈಕಲ್ ತುಳಿದು ಬಸ್ ದುಡ್ಡು ಉಳಿಸಿದೆ. ಮಣ್ಣಿನ ಹುಂಡಿಯಲ್ಲಿ ಹಾಕಿದ್ದು ಒಂದು ತಿಂಗಳು ಗ್ಯಾಸ್ ಸಿಲಿಂಡರಿಗೆ ಹೋಯಿತು. ಅಮ್ಮ ವಾಪಸ್ ಕೊಟ್ಟರು, ಆದರೆ ಕಂತಿನಲ್ಲಿ! ದೊಡ್ಡಪ್ಪ ಪೋಸ್ಟ್ ಆಫೀಸ್ ಆರ್‌ಡಿ ಮಾಡು ಅಂದರು. ಅದು ಐದು ವರ್ಷದ್ದು, ಮೂರು ವರ್ಷಕ್ಕೆ ಮುಂಚೆ ಮುಚ್ಚಲೂ ಆಗುವುದಿಲ್ಲ. ಅಷ್ಟೊತ್ತಿಗೆ ನಾನು ಕಾಲೇಜಿನಲ್ಲಿರುತ್ತೇನೆ. ಕೊನೆಗೆ ಉಳಿತಾಯ ಖಾತೆಗೇ ಹಾಕಿದೆ. ಗೌರಿ ಹಬ್ಬಕ್ಕೆ ಅತ್ತೆ, ಮಾವ ಕೊಟ್ಟದ್ದೂ ಸೇರಿ ಹೆಚ್ಚುಕಮ್ಮಿ 4,000 ಆಯಿತು.

ಆಗ ಯೋಚನೆ ಬಂತು. ಕೆಟ್ಟ ಕೀಬೋರ್ಡನ್ನೇ ಯಾಕೆ ತಗೊಳ್ಳಬಾರದು? ಅಪ್ಪ ನಕ್ಕರು. 'ಕೆಟ್ಟಿರೋದಕ್ಕೆ ದುಡ್ಡು ಕೊಡ್ತೀಯಾ? ಸುಮ್ನೆ ಓದ್ಕೋ' ಅಂದರು. ಮ್ಯೂಸಿಕ್ ಸರ್ ಕೂಡ ಬೇಡ ಅಂತ ತಲೆ ಆಡಿಸಿದರು.

ಆದರೆ ಎಲ್ಲ ಕೆಡುಕೂ ಒಂದೇ ಅಲ್ಲ ಅಲ್ವಾ? ಟಚ್ ಇರುವ ಕೀಬೋರ್ಡಿನಲ್ಲಿ ಪ್ರತಿ ಕೀ ಅಡಿಯಲ್ಲೂ ರಬ್ಬರ್ ಗುಳ್ಳೆಯೊಳಗೆ ಎರಡು ಕಪ್ಪು ಚುಕ್ಕಿ ಇರುತ್ತವೆ. ಒತ್ತಿದಾಗ ಒಂದು ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ಆ ಎರಡರ ನಡುವಿನ ಸಮಯ ನೋಡಿಯೇ ಅದು ಸದ್ದಿನ ಜೋರು ಲೆಕ್ಕ ಹಾಕುತ್ತದೆ. ಧೂಳು ಕೂತರೆ ಕೀ ಸಾಯುತ್ತದೆ, ಇಲ್ಲವೇ ಮೆಲ್ಲಗೆ ಒತ್ತಿದರೂ ಕಿರುಚುತ್ತದೆ. ಹೀಗೆ ಅಲ್ಲೊಂದು ಇಲ್ಲೊಂದು ಕೀ ಕೆಟ್ಟಿದ್ದರೆ ಬಹುಮಟ್ಟಿಗೆ ಕೊಳೆ. ಸಮ ಅಂತರದಲ್ಲಿ ಕೀಗಳು ಸತ್ತಿದ್ದರೆ, ಅಥವಾ ಸಾಲಾಗಿ ಒಂದು ಗುಂಪೇ ಹೋಗಿದ್ದರೆ, ಬೋರ್ಡಿನ ಗೆರೆಯೋ ರಿಬ್ಬನ್ ಕೇಬಲ್ಲೋ ಹೋಗಿದೆ ಅಂತ. ಅಂಥದ್ದನ್ನು ಮುಟ್ಟಬೇಡಿ.

ಮೊದಲು ನೋಡಿದ ಎರಡು ಮೂರು ಆ ಜಾತಿಯವೇ. ಒಬ್ಬರಂತೂ 'ಅಡಾಪ್ಟರ್ ಸರಿ ಇಲ್ಲ ಅಷ್ಟೇ' ಅಂದರು. ಯಮಹಾದ ಈ ಮಾಡೆಲ್‌ಗಳಿಗೆ 12 ವೋಲ್ಟ್, ಪಿನ್ನಿನ ನಡುವೆ ಪ್ಲಸ್. ಹಳೆಯ ಕ್ಯಾಸಿಯೋ ಹಲವಕ್ಕೆ 9 ವೋಲ್ಟ್, ನಡುವೆ ಮೈನಸ್. ಅದಲುಬದಲು ಹಾಕಿ ಸುಟ್ಟಿರಬಹುದು. ಅದಕ್ಕೇ ನಾನು ಆರು ಪೆನ್ಸಿಲ್ ಸೆಲ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಸೆಲ್ ಹಾಕಿದರೂ ಏಳದಿದ್ದರೆ ನಮಸ್ಕಾರ ಹೇಳಿ ಬರುವುದು.

ಕೊನೆಗೆ ಭದ್ರಾವತಿಯ ಒಂದು ಮನೆಯಲ್ಲಿ ಯಮಹಾ PSR-E363 ಸಿಕ್ಕಿತು. ಐದು ಕೀ ಸತ್ತಿದ್ದವು, ಎರಡು ಕಿರುಚುತ್ತಿದ್ದವು, ಎಲ್ಲಾ ಚದುರಿಕೊಂಡು. 5,000 ಕೇಳಿದರು. ನಾನು ಸತ್ತ ಕೀಗಳನ್ನೇ ಮತ್ತೆ ಮತ್ತೆ ಒತ್ತಿದೆ. 3,200ಕ್ಕೆ ಬಿಟ್ಟರು. ಚೌಕಾಸಿಯಲ್ಲಿ ಇನ್ನೊಂದು ಉಪಾಯವೂ ಇತ್ತು, ಅದು ನನ್ನ ಹತ್ತಿರವೇ ಇರಲಿ.

ಬಿಚ್ಚುವಾಗ ಸ್ಕ್ರೂಗಳನ್ನು ರಟ್ಟಿನ ಮೇಲೆ ಆಯಾ ಜಾಗದಲ್ಲೇ ಚುಚ್ಚಿಟ್ಟೆ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುಗಿಸಿದರೆ ಮೇಲಿನ ಪ್ಲಾಸ್ಟಿಕ್ ಉಬ್ಬಿ ಸೀಳುತ್ತದೆ. ರಬ್ಬರ್ ಪಟ್ಟಿ ಎಳೆದು ತೆಗೆದರೆ ಅದರ ಪುಟ್ಟ ಮೊಳೆಗಳು ಹರಿಯುತ್ತವೆ, ಆದ್ದರಿಂದ ಒಂದೊಂದಾಗಿ ಬಿಡಿಸಿದೆ. ಒಳಗೆ ಏನಿತ್ತು ಗೊತ್ತಾ? ಕುಂಕುಮ! ಕೀಬೋರ್ಡಿಗೆ ಆಯುಧಪೂಜೆ ಮಾಡಿದ್ದರು ಅನ್ನಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್ಸ್‌ನಿಂದ ಬೋರ್ಡಿನ ಕಪ್ಪು ಮಚ್ಚೆಗಳನ್ನು ಹಗುರವಾಗಿ ಒರೆಸಿದೆ. ಉಜ್ಜಿದರೆ ಕಾರ್ಬನ್ನೇ ಎದ್ದು ಬರುತ್ತದೆ. ಪೆಟ್ರೋಲ್ ಬೇಡವೇ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಜೋಡಿಸಿದೆ.

ಆರು ಕೀ ಸರಿಯಾದವು. ಒಂದು ಮಾತ್ರ ಹಟ ಹಿಡಿಯಿತು. ಅದರ ಚುಕ್ಕಿಗೆ 6B ಪೆನ್ಸಿಲ್ ಪುಡಿ ಹಚ್ಚಿ ನೋಡಿದೆ. ವಾರದೊಳಗೆ ಉದುರಿತು. ಆಮೇಲೆ ಪಟ್ಟಿಗಳನ್ನೇ ಅದಲುಬದಲು ಮಾಡಿದೆ, ತೀರಾ ಮೇಲಿನ, ನಾನು ಮುಟ್ಟದ ಸ್ವರದ ಕಡೆಗೆ ಆ ಗುಳ್ಳೆ ಹೋಯಿತು. ಪಟ್ಟಿಯ ಅಳತೆ ಒಂದೇ ಇದ್ದರೆ ಮಾತ್ರ ಇದು ನಡೆಯುತ್ತದೆ.

ಆಲ್ಕೋಹಾಲು, ಬಡ್ಸು, ಹೊಸ ಅಡಾಪ್ಟರ್, ಬಸ್ ಖರ್ಚು ಎಲ್ಲಾ ಸೇರಿ 4,000ದ ಒಳಗೇ ಮುಗಿಯಿತು. ಅಪ್ಪ ಈಗ ಬಂದವರಿಗೆಲ್ಲ 'ನಮ್ಮ ಹುಡುಗನೇ ರಿಪೇರಿ ಮಾಡಿದ್ದು' ಅನ್ನುತ್ತಾರೆ. ಇದರಲ್ಲಿ ಪಿಚ್ ತಿರುಗಿಸುವ ಚಕ್ರ ಇಲ್ಲ, ಹಾಗಾಗಿ ತೋಡಿ ರಾಗದ ಗಮಕಕ್ಕೆ ಕೈ ಹಾಕುವ ಹಾಗಿಲ್ಲ. ಟ್ರಾನ್ಸ್‌ಪೋಸ್ ಇದೆ, ಅಕ್ಕನ ಶ್ರುತಿಗೆ ಕೂರಿಸಿ ದೇವರನಾಮ ನುಡಿಸುತ್ತೇನೆ. ಹಿಂದಿನ ಬೀದಿಯ ಹುಡುಗನ ಕೀಬೋರ್ಡನ್ನೂ ಬಿಚ್ಚಿ ಸರಿಮಾಡಿಕೊಟ್ಟೆ, 300 ರೂಪಾಯಿ ಬಂತು. ಅದು ಸಸ್ಟೇನ್ ಪೆಡಲ್‌ಗೆ.