ಪರಮಾಣು ಸರಿ, ಆವೇಶ ಸರಿ, ಉತ್ತರ ಮಾತ್ರ ತಪ್ಪು

ನಾನು ಫಸ್ಟ್ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ರೆಡಾಕ್ಸ್ ಪಾಠ ಮುಗಿದ ಮೇಲೆ ಒಂದು ವರ್ಕ್‌ಶೀಟ್ ಕೊಡುವುದು ವಾಡಿಕೆ. ಆ ವರ್ಷ ನನಗೆ ಪುರುಸೊತ್ತಿರಲಿಲ್ಲ. ಹಿಂದೆ ಯಾರೋ ಮಾಡಿಟ್ಟಿದ್ದ ಹಾಳೆಯನ್ನೇ ಕೀ ಉತ್ತರದ ಸಮೇತ ತೆಗೆದುಕೊಂಡೆ. ಹಂಚುವ ಮುಂಚೆ ಕೀಯನ್ನು ಒಮ್ಮೆ ಪರೀಕ್ಷಿಸಿದ್ದೆ ಕೂಡ. ಆದರೂ ಒಂದು ತಪ್ಪು ನನ್ನ ಕಣ್ಣು ತಪ್ಪಿಸಿಕೊಂಡು ಹೋಯಿತು.

ಆಗ ನಾನು ಪರೀಕ್ಷಿಸುತ್ತಿದ್ದ ರೀತಿ ಸರಳ. ಬಾಣದ ಎರಡೂ ಬದಿಯ ಪರಮಾಣುಗಳನ್ನು ಪೆನ್ಸಿಲ್‌ನಲ್ಲಿ ಎಣಿಸುವುದು. ಅಯಾನುಗಳಿದ್ದರೆ ಆವೇಶವನ್ನೂ ಕೂಡುವುದು. ಈ ಎರಡನೆಯದನ್ನು ಮಕ್ಕಳು ಜಾಸ್ತಿ ಮರೆಯುತ್ತಾರೆ. ತಾಮ್ರವನ್ನು ಬೆಳ್ಳಿ ನೈಟ್ರೇಟ್ ದ್ರಾವಣಕ್ಕೆ ಹಾಕಿದಾಗ ಆಗುವ ಕ್ರಿಯೆಯನ್ನು ಹೀಗೆ ಬರೆದುಬಿಡುತ್ತಾರೆ:

```
Cu + Ag+ → Cu2+ + Ag
```

ಪರಮಾಣು ಲೆಕ್ಕ ಸರಿಯಾಗಿದೆ. ಆದರೆ ಎಡಗಡೆ +1, ಬಲಗಡೆ +2. ಬೆಳ್ಳಿಯ ಮುಂದೆ ಎರಡೂ ಕಡೆ 2 ಹಾಕಿದರೆ ಸರಿಹೋಗುತ್ತದೆ. ಇಂಥ ತಪ್ಪು ಬೇಗ ಸಿಗುತ್ತದೆ.

ನನ್ನನ್ನು ಬೀಳಿಸಿದ್ದು ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನ ಪ್ರಶ್ನೆ. ಕೀಯಲ್ಲಿ ಇದ್ದದ್ದು ಇದು:

```
2MnO4- + 3H2O2 + 6H+ → 2Mn2+ + 4O2 + 6H2O
```

ನೀವೇ ಎಣಿಸಿ ನೋಡಿ. ಮ್ಯಾಂಗನೀಸ್ 2, 2. ಹೈಡ್ರೋಜನ್ 12, 12. ಆಮ್ಲಜನಕ 14, 14. ಆವೇಶ ಎಡಗಡೆ -2 ಮತ್ತು +6 ಸೇರಿ +4, ಬಲಗಡೆಯೂ +4. ನಾನು ಟಿಕ್ ಹಾಕಿ ಮುಂದಕ್ಕೆ ಹೋದೆ.

ಮಾರನೇ ದಿನ ಒಬ್ಬ ಹುಡುಗಿ ಹಾಳೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. "ಮೇಡಂ, ನನಗೆ ಪೆರಾಕ್ಸೈಡ್ ಮುಂದೆ 5 ಬಂದಿದೆ. ಕೀಯಲ್ಲಿ 3 ಇದೆ. ಎರಡೂ ತಾಳೆ ಆಗ್ತಿದೆ. ಯಾವುದು ಸರಿ?" ಅವಳು ಬರೆದದ್ದು:

```
2MnO4- + 5H2O2 + 6H+ → 2Mn2+ + 5O2 + 8H2O
```

ಇದೂ ಪಕ್ಕಾ ತಾಳೆಯಾಗುತ್ತದೆ. ಒಂದೇ ಕ್ರಿಯೆಗೆ ಎರಡು ಉತ್ತರ ಹೇಗೆ? ಅವಳನ್ನು ಕೂರಿಸಿಕೊಂಡು ಉತ್ಕರ್ಷಣ ಸಂಖ್ಯೆಗಳಿಂದ ಶುರು ಮಾಡಿದೆ.

ಪರ್ಮಾಂಗನೇಟ್‌ನಲ್ಲಿ ಮ್ಯಾಂಗನೀಸ್ +7. ನಾಲ್ಕು ಆಮ್ಲಜನಕದಿಂದ -8, ಅಯಾನಿನ ಒಟ್ಟು ಆವೇಶ -1, ಹಾಗಾಗಿ +7 ಬರಲೇಬೇಕು. ಕೊನೆಗೆ ಅದು +2 ಆಗುತ್ತದೆ. ಅಂದರೆ ಒಂದೊಂದು ಮ್ಯಾಂಗನೀಸ್ 5 ಎಲೆಕ್ಟ್ರಾನ್ ಪಡೆಯುತ್ತದೆ, ಎರಡಕ್ಕೆ 10. ಇನ್ನು ಪೆರಾಕ್ಸೈಡ್. ಕೀಯ ಪಟ್ಟಿಯಲ್ಲಿ ಅದರ ಆಮ್ಲಜನಕಕ್ಕೆ -2 ಎಂದು ಬರೆದಿತ್ತು! ಮೊತ್ತ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಎರಡು ಹೈಡ್ರೋಜನ್‌ನಿಂದ +2, ಎರಡು ಆಮ್ಲಜನಕದಿಂದ -4, ಒಟ್ಟು -2. ಆವೇಶವಿಲ್ಲದ ಅಣುವಿಗೆ ಮೊತ್ತ ಸೊನ್ನೆ ಬರಬೇಕು. ಹಾಗಾಗಿ ಇಲ್ಲಿ ಆಮ್ಲಜನಕ -1. ಅದು ಆಮ್ಲಜನಕ ಅನಿಲವಾಗಿ 0 ತಲುಪುವಾಗ ಒಂದು ಪೆರಾಕ್ಸೈಡ್ ಅಣು 2 ಎಲೆಕ್ಟ್ರಾನ್ ಕೊಡುತ್ತದೆ. 10 ಎಲೆಕ್ಟ್ರಾನ್ ಬೇಕಾದರೆ 5 ಅಣು ಬೇಕು. ಹುಡುಗಿಯ ಉತ್ತರವೇ ಸರಿ.

ಹಾಗಾದರೆ ಕೀಯ ಸಮೀಕರಣ ಯಾಕೆ ತಾಳೆಯಾಯಿತು? ಮೂರು ಪೆರಾಕ್ಸೈಡ್ ಕೊಡುವುದು ಬರೀ 6 ಎಲೆಕ್ಟ್ರಾನ್. ಉಳಿದ 4 ಎಲ್ಲಿಂದ ಬಂತು? ಬಲಗಡೆ ನಾಲ್ಕು O2 ಇದೆ, ಅಂದರೆ 8 ಆಮ್ಲಜನಕ ಪರಮಾಣು. ಮೂರು ಪೆರಾಕ್ಸೈಡ್‌ನಲ್ಲಿ ಇರುವುದೇ 6. ಉಳಿದ ಎರಡು ಪರ್ಮಾಂಗನೇಟ್‌ನ ಆಮ್ಲಜನಕ -2ರಿಂದ 0ಗೆ ಏರಿ ಬಂದಿರಬೇಕು. ಕಾಗದದ ಮೇಲೆ ಲೆಕ್ಕ ಮುಚ್ಚುತ್ತದೆ, ಪಾತ್ರೆಯಲ್ಲಿ ಹಾಗಾಗುವುದಿಲ್ಲ. ಆಮ್ಲಜನಕದ ಭಾರವಾದ ಐಸೋಟೋಪ್‌ನಿಂದ ಗುರುತು ಮಾಡಿದ ಪೆರಾಕ್ಸೈಡ್ ಬಳಸಿ ನೋಡಿದಾಗ, ಹೊರಬರುವ O2 ಪೆರಾಕ್ಸೈಡ್‌ನದ್ದೇ ಎಂದು ಕಂಡುಬಂದಿದೆ. ಅಲ್ಲಿಂದ ನನಗೊಂದು ಸುಲಭ ಗುರುತು ಸಿಕ್ಕಿತು. ಈ ಕ್ರಿಯೆಯಲ್ಲಿ ಪೆರಾಕ್ಸೈಡ್‌ನ ಸಂಖ್ಯೆ ಮತ್ತು O2 ಸಂಖ್ಯೆ ಒಂದೇ ಇರಬೇಕು. 3ಕ್ಕೆ 4 ಕಂಡರೆ ಅಲ್ಲೇ ನಿಲ್ಲಬೇಕು.

ಹುಡುಗಿ ಬಿಡಲಿಲ್ಲ. "ಇನ್ನೂ ಬೇರೆ ಉತ್ತರ ಇರಬಹುದಾ?" ಅಂದಳು. ಇರುತ್ತದೆ, ಎಷ್ಟು ಬೇಕಾದರೂ. ಪೆರಾಕ್ಸೈಡ್ ತಾನಾಗಿಯೇ ಒಡೆಯುವ ಕ್ರಿಯೆ ಒಂದಿದೆ:

```
2H2O2 → 2H2O + O2
```

ಇದು ತನ್ನಷ್ಟಕ್ಕೆ ಸರಿದೂಗಿದ ಸಮೀಕರಣ. ಸರಿ ಉತ್ತರಕ್ಕೆ ಇದನ್ನು ಒಂದು ಸಲ ಕೂಡಿದರೆ ಪೆರಾಕ್ಸೈಡ್ 7 ಆಗುತ್ತದೆ, ಒಂದು ಸಲ ಕಳೆದರೆ 3, ಎರಡು ಸಲ ಕಳೆದರೆ 1. ಎಲ್ಲವೂ ತಾಳೆಯಾಗುತ್ತವೆ. ಕೀ ಬರೆದವರು -2 ಹಾಕಿಕೊಂಡದ್ದರಿಂದ ಎಲೆಕ್ಟ್ರಾನ್ ಲೆಕ್ಕ ಕೂಡಿರಲಿಕ್ಕಿಲ್ಲ. ಆಮೇಲೆ ಅಂದಾಜಿನಲ್ಲಿ ಸಂಖ್ಯೆ ಹಾಕುತ್ತಾ ಹೋಗಿ, ಮೊದಲು ತಾಳೆಯಾದದ್ದನ್ನೇ ಉಳಿಸಿಕೊಂಡಿರಬೇಕು ಅಂತ ನನ್ನ ಊಹೆ. ಅರ್ಧ ಕ್ರಿಯೆಗಳನ್ನು ಬೇರೆ ಬೇರೆ ಬರೆದು ಕೂಡಿದರೆ ಈ ಗೊಂದಲವೇ ಬರುವುದಿಲ್ಲ:

```
MnO4- + 8H+ + 5e- → Mn2+ + 4H2O     (×2)
H2O2 → O2 + 2H+ + 2e-               (×5)
```

ಎರಡನ್ನೂ ಕೂಡಿ, ಎಡಗಡೆಯ 16 H+ ನಿಂದ ಬಲಗಡೆಯ 10 ಕಳೆದರೆ 6 ಉಳಿಯುತ್ತದೆ.

ಸುಮ್ನೆ ಕಾಗದದ ಮೇಲೆ ವಾದ ಮಾಡುವುದಕ್ಕಿಂತ ಲ್ಯಾಬ್‌ನಲ್ಲೇ ತೋರಿಸೋಣ ಅನಿಸಿತು. ಮೆಡಿಕಲ್ ಶಾಪ್‌ನಿಂದ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ತರಿಸಿದೆ. 100 ಮಿಲೀಗೆ 6 ಗ್ರಾಂ ಇರುವ ಬಾಟಲಿ, ಸುಮಾರು 1.76 ಮೋಲಾರ್. ಅದರಲ್ಲಿ 5 ಮಿಲೀ ತೆಗೆದು ನೀರು ಸೇರಿಸಿ 100 ಮಿಲೀ ಮಾಡಿದೆವು. ಈಗ ಅದು 0.088 ಮೋಲಾರ್. ಇದರ 10 ಮಿಲೀಯನ್ನು ಪಿಪೆಟ್‌ನಿಂದ ಕೋನಿಕಲ್ ಫ್ಲಾಸ್ಕ್‌ಗೆ ಹಾಕಿ, 20 ಮಿಲೀ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿದೆವು. ಬ್ಯೂರೆಟ್‌ನಲ್ಲಿ 0.02 ಮೋಲಾರ್ ಪರ್ಮಾಂಗನೇಟ್. ಇಲ್ಲಿ ಆಕ್ಸಾಲಿಕ್ ಆಮ್ಲದ ಟೈಟ್ರೇಶನ್‌ಗೆ ಮಾಡುವ ಹಾಗೆ ಬಿಸಿ ಮಾಡಬಾರದು, ಪೆರಾಕ್ಸೈಡ್ ಒಡೆದುಹೋಗುತ್ತದೆ.

ಮೊದಲೇ ಬೋರ್ಡ್ ಮೇಲೆ ಎರಡು ಲೆಕ್ಕ ಬರೆಸಿದೆ. 2ಕ್ಕೆ 5 ಸರಿಯಾದರೆ ಸುಮಾರು 17.6 ಮಿಲೀ ಬೇಕು. ಕೀ ಹೇಳುವ 2ಕ್ಕೆ 3 ಸರಿಯಾದರೆ 29.3 ಮಿಲೀ. ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ತೆಗೆದುಕೊಂಡಿತು. ಸ್ವಲ್ಪ Mn2+ ಹುಟ್ಟಿದ ಮೇಲೆ ಅದೇ ಕ್ರಿಯೆಗೆ ವೇಗ ಕೊಡುತ್ತದೆ, ಆಮೇಲೆ ಹನಿ ಬಿದ್ದ ತಕ್ಷಣ ಬಣ್ಣ ಮಾಯ. ತಿಳಿ ಗುಲಾಬಿ ನಿಂತದ್ದು 16.9 ಮಿಲೀಗೆ. ಬಾಟಲಿಯಲ್ಲಿ ಇಟ್ಟಷ್ಟು ದಿನ ಪೆರಾಕ್ಸೈಡ್ ತುಸು ಒಡೆದಿರುತ್ತದೆ, ಹಾಗಾಗಿ ಕಡಿಮೆ ಬಂದದ್ದು ಆಶ್ಚರ್ಯವಲ್ಲ. ಈ ಬಾಟಲಿಯ ಸಾಂದ್ರತೆ ಕರಾರುವಾಕ್ಕಾಗಿ ಗೊತ್ತಿಲ್ಲದ ಕಾರಣ ಇದರಿಂದ 2ಕ್ಕೆ 5 ಅನ್ನುವುದನ್ನು ಸಾಧಿಸಲು ಆಗುವುದಿಲ್ಲ. ಆದರೆ 29ರ ಹತ್ತಿರಕ್ಕೂ ಹೋಗಲಿಲ್ಲ ಅನ್ನುವುದು ಎಲ್ಲರಿಗೂ ಕಂಡಿತು.

ಒಂದು ಗುಂಪಿನ ಫ್ಲಾಸ್ಕ್ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿತು. ವಿಚಾರಿಸಿದರೆ ಆಮ್ಲ ಹಾಕುವುದನ್ನೇ ಮರೆತಿದ್ದರು. ಆಮ್ಲ ಕಡಿಮೆಯಾದರೆ ಮ್ಯಾಂಗನೀಸ್ +2ರವರೆಗೆ ಇಳಿಯದೆ +4ರಲ್ಲೇ ನಿಂತು MnO2 ಆಗುತ್ತದೆ. ಆ MnO2 ಪೆರಾಕ್ಸೈಡ್ ಒಡೆಯುವುದಕ್ಕೆ ಒಳ್ಳೆ ವೇಗವರ್ಧಕ. ಆ ಹುಡುಗಿ ಮತ್ತು ನಾನು ಕೂಡಿ ಕಳೆದು ನೋಡಿದ, ಪೆರಾಕ್ಸೈಡ್ ತಾನಾಗಿಯೇ ಒಡೆಯುವ ಕ್ರಿಯೆ ಅವರ ಫ್ಲಾಸ್ಕ್‌ನಲ್ಲಿ ನಿಜವಾಗಿಯೂ ನಡೆಯುತ್ತಿತ್ತು. ಆ ರೀಡಿಂಗ್ ಬಿಟ್ಟು, ಆಮ್ಲ ಹಾಕಿ ಹೊಸದಾಗಿ ಮಾಡಿ ಎಂದೆ.

ಕೀಯನ್ನು ಅಂದೇ ತಿದ್ದಿದೆ. ಆ ಪ್ರಶ್ನೆಯ ಪಕ್ಕದಲ್ಲಿ ಈಗ ಇನ್ನೊಂದು ಖಾಲಿ ಗೆರೆ ಇದೆ: "ಎಲೆಕ್ಟ್ರಾನ್ ಕೊಟ್ಟವರು ಯಾರು, ಎಷ್ಟು?"