ಪುಟದಿಂದ ಕತ್ತರಿಸಿದ ಚಿತ್ರ 3: ಒಂದು ಅಡಿಬರಹವನ್ನು ತಿದ್ದಿದ ಬಗೆ

ಬೆಂಗಳೂರಿನ ಪೂರ್ವ ಭಾಗದ ಕೆರೆಯೊಂದರ ನೀರಿನ ಬಗ್ಗೆ ನಾವು ಸಿದ್ಧಪಡಿಸಿದ ಕನ್ನಡ ವರದಿಯಲ್ಲಿ ಮೂರನೆಯ ಚಿತ್ರ ಒಂದು ಗ್ರಾಫ್. ನೀರಿನಲ್ಲಿ ಕರಗಿರುವ ಆಮ್ಲಜನಕ ಹಗಲು ರಾತ್ರಿಗಳಲ್ಲಿ ಹೇಗೆ ಏರಿಳಿಯುತ್ತದೆ ಎಂಬುದನ್ನು ಅದು ತೋರಿಸುತ್ತಿತ್ತು. ಅದರ ಕೆಳಗೆ ನಾನು ಬರೆದಿದ್ದ ಅಡಿಬರಹ ಇಷ್ಟು:

"ಚಿತ್ರ 3. ಎಸ್1 ಮತ್ತು ಎಸ್2ರಲ್ಲಿ ಡಿಓ ದೈನಂದಿನ ಏರಿಳಿತ (n = 9). ವಿವರಗಳಿಗೆ ಪಠ್ಯವನ್ನು ನೋಡಿ."

ಕರಡು ಪ್ರತಿಯನ್ನು ಕೆರೆಯ ಸುತ್ತಲಿನ ನಿವಾಸಿಗಳಿಗೆ ಕೊಟ್ಟ ಎರಡೇ ದಿನಕ್ಕೆ ಯಾರೋ ಆ ಪುಟದಿಂದ ಗ್ರಾಫನ್ನಷ್ಟೇ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಗ್ರಾಫಿನ ತುದಿ 11 ಮಿಲಿಗ್ರಾಂ ದಾಟಿರುವುದನ್ನು ಕಂಡು, ಆಮ್ಲಜನಕ ಇಷ್ಟೊಂದಿದೆ ಎಂದಮೇಲೆ ಕೆರೆ ಆರೋಗ್ಯವಾಗಿಯೇ ಇದೆ ಎಂದು ಹಲವರು ತೀರ್ಮಾನಿಸಿದರು. ವರದಿಯ ಪಠ್ಯ ಹೇಳಿದ್ದು ಅದಕ್ಕೆ ತದ್ವಿರುದ್ಧವಾದುದನ್ನು. ಆದರೆ ಪಠ್ಯ ಆ ಫೋಟೋದಲ್ಲಿ ಇರಲಿಲ್ಲ. ಓದಿದವರದು ತಪ್ಪಲ್ಲ; ಓದಲು ಬೇಕಾದುದನ್ನು ನಾನು ಚಿತ್ರದಿಂದ ಎಂಟು ಪುಟ ದೂರದಲ್ಲಿ ಇಟ್ಟಿದ್ದೆ.

ತಿದ್ದಲು ಕುಳಿತಾಗ ಮೊದಲು ಮಾಡಿದ ಕೆಲಸ ಗ್ರಾಫನ್ನೂ ಅಡಿಬರಹವನ್ನೂ ಮುದ್ರಿಸಿ, ಕತ್ತರಿಯಿಂದ ಸುತ್ತಲಿನ ಪುಟವನ್ನು ಕತ್ತರಿಸಿ ತೆಗೆದದ್ದು. ನಮ್ಮ ಪಕ್ಕದ ಪ್ರಯೋಗಾಲಯದಲ್ಲಿ ಜೀರುಂಡೆಗಳ ಮೇಲೆ ಕೆಲಸ ಮಾಡುವ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಆ ತುಂಡನ್ನು ಕೊಟ್ಟು, ಇದರಲ್ಲಿ ಕಾಣುವುದನ್ನು ಹೇಳಿ ಎಂದು ಕೇಳಿ ಸುಮ್ಮನೆ ಕುಳಿತೆ. ಸುಮ್ಮನಿರುವುದೇ ಇದರಲ್ಲಿ ಕಷ್ಟದ ಭಾಗ. ಅವರು ತಡವರಿಸಿದ ಕೂಡಲೇ ಬಾಯಿಬಿಟ್ಟು ವಿವರಿಸಿದರೆ ಅಡಿಬರಹದಲ್ಲಿ ಇಲ್ಲದ್ದನ್ನು ನಾವೇ ತುಂಬಿಬಿಡುತ್ತೇವೆ, ಕೊರತೆ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಅವರು ಕೇಳಿದ ಪ್ರಶ್ನೆಗಳನ್ನು ಮಾತ್ರ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಎಸ್1 ಎಂದರೆ ಯಾವ ಜಾಗ? ಬೂದುಬಣ್ಣದ ಪಟ್ಟೆ ಏನು? ಅಡ್ಡಲಾಗಿ ಹೋಗಿರುವ ಚುಕ್ಕೆಗೆರೆ ಯಾವುದರ ಮಿತಿ? ಕೊನೆಗೆ ಕೇಳಿದ್ದು ಇದು: "ಒಂಬತ್ತು ಅಂತೀರಲ್ಲಮ್ಮ, ಒಂಬತ್ತು ಏನು?"

ಈ ಕೊನೆಯ ಪ್ರಶ್ನೆಗೆ ಮತ್ತೆ ಬರುತ್ತೇನೆ, ಏಕೆಂದರೆ ಅದು ಅಡಿಬರಹವನ್ನಷ್ಟೇ ಅಲ್ಲ, ಗ್ರಾಫನ್ನೇ ಬದಲಾಯಿಸಿತು.

ಉಳಿದ ಪ್ರಶ್ನೆಗಳನ್ನು ಒಂದು ಸರಳ ಕ್ರಮದಿಂದ ಬಗೆಹರಿಸಿದೆ. ಗ್ರಾಫಿನಲ್ಲಿ ಕಣ್ಣಿಗೆ ಬೀಳುವ ಪ್ರತಿಯೊಂದು ಗುರುತಿಗೂ ಪೆನ್ಸಿಲಿನಿಂದ ಸಂಖ್ಯೆ ಹಾಕುತ್ತ ಹೋದೆ: ಬಿಂದು, ಬಿಂದುಗಳನ್ನು ಕೂಡಿಸುವ ಗೆರೆ, ಬಿಂದುವಿನ ಮೇಲೆ ಕೆಳಗೆ ಚಾಚಿದ ಎರರ್ ಬಾರ್, ಬೂದು ಪಟ್ಟೆ, ಚುಕ್ಕೆಗೆರೆ, ಎರಡು ಬಣ್ಣಗಳು. ಪ್ರತಿ ಸಂಖ್ಯೆಗೂ ಅಡಿಬರಹದಲ್ಲಿ ಒಂದು ಮಾತು ಇರಬೇಕು, ಇಲ್ಲವೇ ಆ ಗುರುತು ಗ್ರಾಫಿನಿಂದ ಹೋಗಬೇಕು. ಬಣ್ಣಗಳ ವಿಷಯದಲ್ಲಿ ಗ್ರಾಫನ್ನೇ ತಿದ್ದಬೇಕಾಯಿತು. ವರದಿಯ ಪ್ರತಿಗಳನ್ನು ಜನ ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಅಲ್ಲಿ ಕೆಂಪು ಗೆರೆ, ಹಸಿರು ಗೆರೆ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಹಾಗಾಗಿ ಒಂದು ಜಾಗಕ್ಕೆ ತುಂಬಿದ ವೃತ್ತ, ಇನ್ನೊಂದಕ್ಕೆ ಖಾಲಿ ವೃತ್ತ ಎಂದು ಮಾಡಿದೆ. ಎಸ್1, ಎಸ್2 ಎಂಬವು ನಮ್ಮ ಬಾಟಲಿಗಳ ಮೇಲೆ ಬರೆಯಲು ಇಟ್ಟುಕೊಂಡ ಹೆಸರುಗಳು, ಓದುವವರಿಗೆ ಅವುಗಳಿಂದ ಉಪಯೋಗವಿಲ್ಲ. ರಾಜಕಾಲುವೆ ಬಂದು ಸೇರುವ ಬಾಯಿ ಎಂದೂ ಕೋಡಿಯ ಹತ್ತಿರ ಎಂದೂ ಬರೆದರೆ ಆ ಕೆರೆಯನ್ನು ನೋಡದವರಿಗೂ ನೀರು ಒಳಬರುವ ಕಡೆ ಯಾವುದು, ಹೊರಹೋಗುವ ಕಡೆ ಯಾವುದು ಎಂಬುದು ತಿಳಿಯುತ್ತದೆ.

ಈಗ ಒಂಬತ್ತರ ಮಾತು. ನಾವು ಫೆಬ್ರವರಿಯಲ್ಲಿ ಮೂರು ದಿನ, ಪ್ರತಿ ಮೂರು ಗಂಟೆಗೊಮ್ಮೆ, ಒಂದೊಂದು ಜಾಗದಲ್ಲೂ ಮೂರು ಮೂರು ಬಾಟಲಿ ನೀರು ತೆಗೆದಿದ್ದೆವು. ಮೂರು ದಿನ, ಮೂರು ಬಾಟಲಿ, ಒಟ್ಟು ಒಂಬತ್ತು. ಅದನ್ನೇ ಒಂಬತ್ತು ಅಳತೆಗಳೆಂದು ಎಣಿಸಿ, ಅವುಗಳ ಸರಾಸರಿಯನ್ನೂ, ಆ ಸರಾಸರಿ ಎಷ್ಟು ಅನಿಶ್ಚಿತ ಎಂಬುದನ್ನು ಹೇಳುವ ಮಾನಕ ದೋಷವನ್ನೂ ಲೆಕ್ಕಹಾಕಿ ಬಾರ್ ಎಳೆದಿದ್ದೆ. ಅಡಿಬರಹದಲ್ಲಿ "n = 9" ಎಂದು ಬರೆಯುವಾಗ ಏನೂ ತೊಡಕಾಗಿರಲಿಲ್ಲ. "ಒಂಬತ್ತು" ಎಂಬುದರ ಮುಂದೆ ಒಂದು ನಾಮಪದ ಬರೆಯಬೇಕಾದಾಗ ಪೆನ್ನು ನಿಂತುಹೋಯಿತು. ಒಂಬತ್ತು ದಿನವೇ? ಅಲ್ಲ. ಒಂಬತ್ತು ಜಾಗವೇ? ಅಲ್ಲ. ಒಂಬತ್ತು ಬಾಟಲಿ ಎಂಬುದು ನಿಜ, ಆದರೆ ಒಂದೇ ನಿಮಿಷದಲ್ಲಿ ಒಂದೇ ಕಡೆ ಮುಳುಗಿಸಿದ ಮೂರು ಬಾಟಲಿಗಳು ನಮ್ಮ ಅಳತೆಯ ಕೈ ಎಷ್ಟು ಸ್ಥಿರ ಎಂಬುದನ್ನು ಹೇಳುತ್ತವೆಯೇ ಹೊರತು, ಕೆರೆ ದಿನದಿಂದ ದಿನಕ್ಕೆ ಎಷ್ಟು ಬದಲಾಗುತ್ತದೆ ಎಂಬುದನ್ನಲ್ಲ.

ಕೋಡಿಯ ಹತ್ತಿರ ಬೆಳಿಗ್ಗೆ 6 ಗಂಟೆಯ ಬಿಂದುವನ್ನೇ ತೆಗೆದುಕೊಳ್ಳೋಣ. ಒಂದು ದಿನದ ಮೂರು ಬಾಟಲಿಗಳ ನಡುವಿನ ವ್ಯತ್ಯಾಸ 0.1 ಮಿಲಿಗ್ರಾಂನ ಆಸುಪಾಸಿನದು. ಆದರೆ ಆ ಮೂರು ದಿನಗಳ ಸರಾಸರಿಗಳು ಲೀಟರಿಗೆ 0.9, 1.6 ಮತ್ತು 2.3 ಮಿಲಿಗ್ರಾಂ. ಒಂಬತ್ತು ಬಾಟಲಿಗಳನ್ನೂ ಒಟ್ಟಿಗೆ ಸೇರಿಸಿದರೆ, ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದನ್ನು ಹೇಳುವ ಮಾನಕ ವಿಚಲನೆ ಸುಮಾರು 0.6, ಅದನ್ನು ಒಂಬತ್ತರ ವರ್ಗಮೂಲವಾದ ಮೂರರಿಂದ ಭಾಗಿಸಿದಾಗ ಮಾನಕ ದೋಷ 0.2. ನನ್ನ ಗ್ರಾಫಿನಲ್ಲಿ ಇದ್ದುದು ಈ ಪುಟ್ಟ ಬಾರ್. ಅದನ್ನು ನೋಡಿದವರು ಬೆಳಗಿನ ಜಾವದ ಮಟ್ಟ ಪ್ರತಿದಿನವೂ 1.4ರಿಂದ 1.8ರ ಒಳಗೇ ಇರುತ್ತದೆ ಎಂದು ತಿಳಿಯುತ್ತಿದ್ದರು. ಪ್ರತಿ ದಿನಕ್ಕೆ ಒಂದು ಸರಾಸರಿ ಇಟ್ಟುಕೊಂಡು, ಮೂರು ದಿನಗಳ ನಡುವಿನ ಮಾನಕ ವಿಚಲನೆಯನ್ನು ತೆಗೆದರೆ ಬರುವುದು 0.7. ಸರಾಸರಿ ಮೊದಲಿನಂತೆಯೇ 1.6, ಬಾರ್ ಮಾತ್ರ ಮೂರೂವರೆ ಪಟ್ಟು ಉದ್ದ. ಮೂರೇ ದಿನಗಳಾದ್ದರಿಂದ ಮೂರು ಸಣ್ಣ ಚುಕ್ಕೆಗಳನ್ನೂ ಬಿಂದುವಿನ ಪಕ್ಕದಲ್ಲಿ ತೋರಿಸಿದೆ. ಇಷ್ಟು ಕಡಿಮೆ ಸಂಖ್ಯೆಗಳಿರುವಾಗ ಬಾರ್‌ಗಿಂತ ಸಂಖ್ಯೆಗಳೇ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ.

ಎರರ್ ಬಾರ್ ಯಾವುದನ್ನು ತೋರಿಸುತ್ತದೆ ಎಂದು ಬರೆಯದ ಅಡಿಬರಹಗಳನ್ನು ಆಮೇಲೆ ಎಲ್ಲಿ ಕಂಡರೂ ನನ್ನ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಮಾನಕ ವಿಚಲನೆ, ಮಾನಕ ದೋಷ, ಶೇಕಡ 95ರ ವಿಶ್ವಾಸ ವ್ಯಾಪ್ತಿ, ಈ ಮೂರೂ ಚಿತ್ರದಲ್ಲಿ ಒಂದೇ ರೀತಿಯ ಗೀಟಾಗಿ ಕಾಣುತ್ತವೆ, ಹೇಳುವ ಸಂಗತಿ ಮಾತ್ರ ಬೇರೆ ಬೇರೆ.

ಇನ್ನು ಚುಕ್ಕೆಗೆರೆ. ಅದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ಮತ್ತು ವನ್ಯಜೀವಿಗಳಿಗೆ ಯೋಗ್ಯವಾದ ನೀರಿಗೆ ಹೇಳಿರುವ ಕನಿಷ್ಠ ಮಟ್ಟ, ಲೀಟರಿಗೆ 4 ಮಿಲಿಗ್ರಾಂ. ಇದನ್ನು ಬರೆದ ಕೂಡಲೇ ಬೆಳಗಿನ ಜಾವದ ಕುಸಿತಕ್ಕೆ ಅರ್ಥ ಬಂತು. ಆದರೆ ವಾಟ್ಸಾಪಿನಲ್ಲಿ ಜನ ಮೋಸಹೋದದ್ದು ಕುಸಿತದಿಂದಲ್ಲ, ಏರಿಕೆಯಿಂದ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇಲ್ಲಿ 27 ಡಿಗ್ರಿ ಸೆಲ್ಸಿಯಸ್‌ನ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 7.2 ಮಿಲಿಗ್ರಾಂ ಮಾತ್ರ. ಮಧ್ಯಾಹ್ನ 3 ಗಂಟೆಗೆ ಸಿಕ್ಕ 11.2 ಅದರ ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ಅಷ್ಟು ಆಮ್ಲಜನಕ ಗಾಳಿಯಿಂದ ಬಂದಿರಲಾರದು, ನೀರಿನೊಳಗೇ ತಯಾರಾಗಿರಬೇಕು. 7.2ರ ಬಳಿ ಎರಡನೆಯ ಗೆರೆಯೊಂದನ್ನು ಎಳೆದು ಅಡಿಬರಹದಲ್ಲಿ ಅದರ ಹೆಸರು ಹೇಳಿದರೆ, 11 ಎಂಬುದು ಒಳ್ಳೆಯ ಅಂಕವಲ್ಲ, ಅಸಹಜ ಅಂಕ ಎಂಬುದನ್ನು ಓದುಗರೇ ಕಾಣಬಲ್ಲರು.

ಇಲ್ಲಿ ನಾನು ಒಂದು ಹೆಜ್ಜೆ ಮುಂದೆ ಹೋಗಿ ಹಿಂದೆ ಬಂದೆ. ಎರಡನೆಯ ಕರಡಿನಲ್ಲಿ "ಪಾಚಿಯ ಅತಿ ಬೆಳವಣಿಗೆಯಿಂದ ಹಗಲಿನಲ್ಲಿ ಆಮ್ಲಜನಕ ಏರುತ್ತದೆ" ಎಂದು ಬರೆದಿದ್ದೆ. ಅದು ಬಹುಮಟ್ಟಿಗೆ ನಿಜವಿರಬಹುದು. ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಪಾಚಿಯೂ ಕೊಳೆತ ವಸ್ತುವನ್ನು ತಿನ್ನುವ ಸೂಕ್ಷ್ಮಜೀವಿಗಳೂ ಅದನ್ನು ಬಳಸಿಕೊಳ್ಳುತ್ತವೆ. ಆದರೆ ಈ ಚಿತ್ರದಲ್ಲಿ ಪಾಚಿಯ ಅಳತೆ ಇಲ್ಲ. ಚಿತ್ರ ತೋರಿಸದ ಕಾರಣವನ್ನು ಅಡಿಬರಹದಲ್ಲಿ ಹೇಳಿದರೆ, ಕತ್ತರಿಸಿ ಹಂಚಿದಾಗ ಅದು ಈ ಗ್ರಾಫಿನಿಂದ ಸಾಬೀತಾದ ಮಾತಿನಂತೆ ತಿರುಗಾಡುತ್ತದೆ. ಆ ವಾಕ್ಯವನ್ನು ಚರ್ಚೆಯ ಭಾಗಕ್ಕೆ ಒಯ್ದೆ. ಆಮ್ಲಜನಕವನ್ನು ಅಳೆಯಲು ನಾವು ಬಳಸಿದ ವಿಂಕ್ಲರ್ ವಿಧಾನದ ಹಂತಗಳನ್ನೂ ಹೀಗೆಯೇ ಬಿಟ್ಟೆ. ವಿಧಾನದ ಹೆಸರು ಸಾಕು. ಆದರೆ ನೀರು ತೆಗೆದ ಆಳವನ್ನು ಬಿಡಲಿಲ್ಲ, ಏಕೆಂದರೆ ಮೇಲ್ಮೈಗೂ ತಳಕ್ಕೂ ಆಮ್ಲಜನಕದಲ್ಲಿ ಭಾರಿ ಅಂತರ ಇರಬಹುದು, ಅದು ಗೊತ್ತಿಲ್ಲದೆ ಸಂಖ್ಯೆಗಳನ್ನು ಇಡೀ ಕೆರೆಯದೆಂದು ಓದುವ ಅಪಾಯವಿದೆ.

ನಾಲ್ಕನೆಯ ಕರಡು ಹೀಗೆ ನಿಂತಿತು. ಕೆರೆಯ ಹೆಸರನ್ನು ಇಲ್ಲಿ ಮಾತ್ರ ಬಿಟ್ಟಿದ್ದೇನೆ.

"ಚಿತ್ರ 3. ಬೆಂಗಳೂರಿನ ಕೆರೆಯೊಂದರ ನೀರಿನಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನ ಅತಿ ಹೆಚ್ಚು, ಸೂರ್ಯೋದಯಕ್ಕೆ ಮುಂಚೆ ಅತಿ ಕಡಿಮೆ. ತುಂಬಿದ ವೃತ್ತ: ರಾಜಕಾಲುವೆ ಸೇರುವ ಬಾಯಿ; ಖಾಲಿ ವೃತ್ತ: ಕೋಡಿಯ ಹತ್ತಿರ. ಫೆಬ್ರವರಿಯ ಮೂರು ದಿನ, ಮೂರು ಗಂಟೆಗೊಮ್ಮೆ, ಮೇಲ್ಮೈಯಿಂದ 30 ಸೆಂಟಿಮೀಟರ್ ಆಳದಲ್ಲಿ ತೆಗೆದ ನೀರನ್ನು ವಿಂಕ್ಲರ್ ವಿಧಾನದಿಂದ ಅಳೆಯಲಾಗಿದೆ. ವೃತ್ತಗಳು ಮೂರು ದಿನಗಳ ಸರಾಸರಿ. ಬಾರ್‌ಗಳು ದಿನಗಳ ನಡುವಿನ ಮಾನಕ ವಿಚಲನೆ. ಸಣ್ಣ ಚುಕ್ಕೆಗಳು ಒಂದೊಂದು ದಿನದ ಮೌಲ್ಯ (ಮೂರು ಬಾಟಲಿಗಳ ಸರಾಸರಿ). ಕೂಡಿಸುವ ಗೆರೆಗಳು ಕಣ್ಣಿನ ಅನುಕೂಲಕ್ಕಾಗಿ. ನಡುವಿನ ಹೊತ್ತಿನಲ್ಲಿ ಅಳತೆ ಇಲ್ಲ. ಬೂದು ಪಟ್ಟೆ: ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ. ಕೆಳಗಿನ ಚುಕ್ಕೆಗೆರೆ: ಮೀನುಗಾರಿಕೆಗೆ ಯೋಗ್ಯ ನೀರಿನ ಕನಿಷ್ಠ ಮಟ್ಟ, ಲೀಟರಿಗೆ 4 ಮಿಲಿಗ್ರಾಂ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ). ಮೇಲಿನ ಗೆರೆ: 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಂಗಳೂರಿನ ಎತ್ತರದಲ್ಲಿ, ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ಮಟ್ಟ, ಸುಮಾರು 7.2 ಮಿಲಿಗ್ರಾಂ."

ಮೊದಲ ವಾಕ್ಯದ ಬಗ್ಗೆ ನಮ್ಮಲ್ಲಿ ಚರ್ಚೆಯಾಯಿತು. "ಆಮ್ಲಜನಕದ ಏರಿಳಿತ" ಎಂದು ವಿಷಯವನ್ನಷ್ಟೇ ಹೆಸರಿಸುವುದು ಗಂಭೀರ ಎಂಬುದು ಒಬ್ಬರ ವಾದ. ನಾನು ಕಂಡದ್ದನ್ನೇ ವಾಕ್ಯವಾಗಿ ಹೇಳುವುದನ್ನು ಆರಿಸಿಕೊಂಡೆ, ಒಂದು ಷರತ್ತಿನೊಂದಿಗೆ: ಆ ವಾಕ್ಯದಲ್ಲಿ ಹೇಳಿದ್ದೆಲ್ಲವನ್ನೂ ಬೆರಳಿಟ್ಟು ಗ್ರಾಫಿನ ಮೇಲೆ ತೋರಿಸಲು ಬರಬೇಕು.

ಹೊಸ ತುಂಡನ್ನು ಈ ಸಲ ಆ ಕೆರೆಯ ಮೀನು ಗುತ್ತಿಗೆ ಹಿಡಿದಿರುವ ಹಿರಿಯರೊಬ್ಬರಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಬೂದು ಪಟ್ಟೆಯ ಕೊನೆಯ ಭಾಗದ ಮೇಲೆ ಬೆರಳಿಟ್ಟು, "ಮೀನು ಮೇಲೆ ಬಂದು ಬಾಯಿ ಬಿಡೋದು ಈ ಹೊತ್ನಲ್ಲೇ ಮೇಡಂ" ಎಂದರು. ಆಮೇಲೆ ಮತ್ತೆ ಅಡಿಬರಹಕ್ಕೆ ಹೋಗಿ, 30 ಸೆಂಟಿಮೀಟರ್ ಎಂಬಲ್ಲಿ ನಿಂತು ಕೇಳಿದರು: "ಇದು ಮೇಲಿನ ನೀರು. ತಳದಲ್ಲಿ ಎಷ್ಟಿತ್ತು?"

ನಾವು ತಳದಲ್ಲಿ ಅಳೆದಿರಲಿಲ್ಲ. ಹಾಗೆಂದು ಅವರಿಗೆ ಹೇಳಿದೆ, ಮತ್ತು ಮುಂದಿನ ಸಲ ಒಯ್ಯಬೇಕಾದ ಬಾಟಲಿಗಳ ಲೆಕ್ಕವನ್ನು ಅದೇ ತುಂಡಿನ ಹಿಂಬದಿಯಲ್ಲಿ ಬರೆದುಕೊಂಡೆ.